ಬೆಂಗಳೂರಿಗೆ ಲೋಡ್ ಗಾಡಿ: ಒಳಗೆ ಹೋಗುವ ಸಮಯಕ್ಕಿಂತ ಹೊರಗೆ ಬರುವ ಸಮಯ ಮುಖ್ಯ

"ಬೆಂಗಳೂರಿಗೆ ಲಾರಿ ಎಷ್ಟು ಗಂಟೆಗೆ ಬಿಡ್ತಾರೆ?" ಈ ಪ್ರಶ್ನೆ ಪದೇ ಪದೇ ಬರುತ್ತದೆ. ಅದಕ್ಕೆ ಬರೀ ಗಂಟೆ ಹೇಳಿ ಕೈತೊಳೆದುಕೊಂಡರೆ ಉಪಯೋಗವಿಲ್ಲ. ಗಾಡಿಯ ತೂಕ, ಹೋಗುವ ರಸ್ತೆ, ವಾರದ ದಿನ ಇವುಗಳ ಮೇಲೆ ಉತ್ತರ ಬದಲಾಗುತ್ತದೆ, ಸಂಚಾರ ಪೊಲೀಸರ ಆದೇಶವೂ ಆಗಾಗ ಬದಲಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ರಾತ್ರಿ ಬಿಟ್ಟ ಕೂಡಲೇ ಒಳಗೆ ಹೋದವರಲ್ಲಿ ಎಷ್ಟೋ ಜನ ಬೆಳಿಗ್ಗೆ ಹೊರಗೆ ಬರಲಾಗದೆ ಇಡೀ ಹಗಲು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಹಾಗಾಗಿ ಲೆಕ್ಕವನ್ನು ಹೊರಗೆ ಬರುವ ಗಂಟೆಯಿಂದ ಹಿಂದಕ್ಕೆ ಹಾಕಿಕೊಂಡು ಬರಬೇಕು. ಅದು ಹೇಗೆ ಎಂಬುದನ್ನು ಒಂದೇ ಟ್ರಿಪ್ಪಿನ ಮೂಲಕ ನೋಡೋಣ.

ಟ್ರಿಪ್ಪು ಹೀಗಿದೆ. ದಾವಣಗೆರೆ ಕಡೆಯಿಂದ ಹತ್ತು ಚಕ್ರದ ಲಾರಿ, 50 ಕಿಲೋ ಚೀಲದಲ್ಲಿ 16 ಟನ್ ಸಕ್ಕರೆ, ಅಂದರೆ 320 ಚೀಲ. ಅದರಲ್ಲಿ 240 ಚೀಲ ಯಶವಂತಪುರ ಎಪಿಎಂಸಿ ಯಾರ್ಡಿನ ಮಂಡಿಗೆ, 80 ಚೀಲ ಬೊಮ್ಮಸಂದ್ರದ ಒಂದು ತಿಂಡಿ ಕಾರ್ಖಾನೆಗೆ. ಒಂದು ನಗರದ ಒಳಗೆ, ಇನ್ನೊಂದು ನಗರದ ಆಚೆ ತುದಿಯಲ್ಲಿ ಹೊಸೂರು ರಸ್ತೆಯಲ್ಲಿ. ಲೆಕ್ಕಕ್ಕಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಭಾರಿ ಗಾಡಿಗೆ ಪ್ರವೇಶ ಇದೆ ಎಂದು ಹಿಡಿಯುತ್ತೇವೆ. ನಿಮ್ಮ ದಿನದ ಆದೇಶದಲ್ಲಿ ಬೇರೆ ಗಂಟೆ ಇದ್ದರೆ ಆ ಗಂಟೆ ಹಾಕಿಕೊಳ್ಳಿ, ಲೆಕ್ಕದ ದಾರಿ ಅದೇ.

ಹಂತ 1: ನಿಮ್ಮ ಗಾಡಿ ಯಾವ ವರ್ಗ ಎಂದು ಆರ್‌ಸಿಯಲ್ಲಿ ನೋಡಿ

ನಿರ್ಬಂಧ ಇರುವುದು ಗಾಡಿಯ ವರ್ಗಕ್ಕೆ, ಒಳಗಿರುವ ಲೋಡಿಗಲ್ಲ. ಆರ್‌ಸಿಯಲ್ಲಿ ಒಟ್ಟು ತೂಕ ಎಂದು ಬರೆದಿರುತ್ತದೆ. ಗಾಡಿಯ ಸ್ವಂತ ತೂಕ ಮತ್ತು ಹೊರಬಹುದಾದ ಗರಿಷ್ಠ ಲೋಡು ಎರಡೂ ಸೇರಿದ ಅಂಕಿ ಅದು. ಮೋಟಾರು ವಾಹನ ಕಾಯ್ದೆಯ ಪ್ರಕಾರ ಅದು 7,500 ಕಿಲೋ ದಾಟದಿದ್ದರೆ ಲಘು ವಾಹನ, 12,000 ಕಿಲೋ ಮೀರಿದರೆ ಭಾರಿ ಸರಕು ವಾಹನ, ನಡುವಿನದು ಮಧ್ಯಮ.

ಇಲ್ಲಿ ತಪ್ಪುವುದು ಎಲ್ಲಿ ಎಂದರೆ, "ಗಾಡಿ ಖಾಲಿ ಇದೆ, ಬಿಡ್ತಾರೆ" ಎಂಬ ನಂಬಿಕೆಯಲ್ಲಿ. ಹತ್ತು ಚಕ್ರದ ಲಾರಿ ಖಾಲಿ ಇದ್ದರೂ ಭಾರಿ ವಾಹನವೇ. ಅನ್‌ಲೋಡ್ ಮುಗಿಸಿ ಬೆಳಿಗ್ಗೆ 8 ಗಂಟೆಗೆ ಖಾಲಿ ಗಾಡಿಯಲ್ಲಿ ತುಮಕೂರು ರಸ್ತೆ ಹಿಡಿದರೆ ಲೋಡ್ ಗಾಡಿಗೆ ಬೀಳುವ ಕೇಸೇ ಬೀಳುತ್ತದೆ. ಹಾಲು, ಇಂಧನದಂಥ ಅಗತ್ಯ ವಸ್ತುಗಳಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ. ಆದರೆ ಅಂಥ ಗಾಡಿಯೂ ಖಾಲಿ ವಾಪಸ್ ಬರುವಾಗ ವಿನಾಯಿತಿ ಉಂಟೋ ಇಲ್ಲವೋ ಎಂಬುದನ್ನು ಆದೇಶದಲ್ಲೇ ಓದಿ ಖಚಿತ ಮಾಡಿಕೊಳ್ಳಬೇಕು.

ಹಂತ 2: ಆ ವಾರದ ಆದೇಶ ನೋಡಿ, ಬೋರ್ಡು ಪೂರ್ತಿ ಓದಿ

ಇಂಥ ನಿರ್ಬಂಧ ಹಾಕುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 115ನೇ ಕಲಂನಲ್ಲಿದೆ. ಅದರಲ್ಲಿ ಚಾಲಕರು ತಿಳಿದಿರಬೇಕಾದ ಒಂದು ಮಾತಿದೆ. ಒಂದು ತಿಂಗಳಿಗಿಂತ ಹೆಚ್ಚು ಇರದ ನಿರ್ಬಂಧಕ್ಕೆ ಗೆಜೆಟ್ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಮಾಡಿದರೆ ಸಾಕು. ಹಬ್ಬ, ಜಾತ್ರೆ, ಮೇಲ್ಸೇತುವೆ ಕೆಲಸ, ಗಣ್ಯರ ಭೇಟಿ ಎಂದು ಎರಡು ದಿನ ಮೊದಲು ಹೇಳಿ ರಸ್ತೆ ಬಂದ್ ಮಾಡುವುದು ಇದರಿಂದಲೇ. ಹೋದ ತಿಂಗಳು ಇದ್ದ ಗಂಟೆ ಈ ತಿಂಗಳೂ ಇರುತ್ತದೆ ಎಂದುಕೊಳ್ಳಬೇಡಿ. ಬೆಂಗಳೂರು ಸಂಚಾರ ಪೊಲೀಸರ ಸಾಮಾಜಿಕ ಜಾಲತಾಣದ ಖಾತೆಗಳನ್ನು ಹೊರಡುವ ದಿನ ಒಮ್ಮೆ ನೋಡಿ, ಮಂಡಿಯವರಿಗೂ ಫೋನ್ ಮಾಡಿ ಕೇಳಿ. ಯಾರ್ಡಿನವರಿಗೆ ನಿನ್ನೆ ರಾತ್ರಿ ಏನಾಯಿತು ಎಂಬುದು ಗೊತ್ತಿರುತ್ತದೆ.

ರಸ್ತೆ ಬದಿಯಲ್ಲಿ ಕೆಂಪು ವೃತ್ತದೊಳಗೆ ಲಾರಿ ಚಿತ್ರ ಇದ್ದರೆ ಅದರ ಕೆಳಗಿನ ಸಣ್ಣ ಫಲಕವನ್ನೂ ಓದಬೇಕು. ಗಂಟೆ, ಗಾಡಿ ವರ್ಗ, ಕೆಲವು ಕಡೆ ವಾರದ ದಿನ ಅದರಲ್ಲೇ ಇರುತ್ತದೆ. ದಿನದ ವಿಷಯಕ್ಕೆ ಪೀಣ್ಯ ಮೇಲ್ಸೇತುವೆಯನ್ನೇ ನೋಡಿ. 2021ರ ಡಿಸೆಂಬರ್‌ನಲ್ಲಿ ಒಳಗಿನ ಕೇಬಲ್‌ಗಳ ತೊಂದರೆಯಿಂದ ಅದನ್ನು ಮುಚ್ಚಿದ್ದರು. 2024ರ ಜುಲೈ ಕೊನೆಯಲ್ಲಿ ಭಾರಿ ವಾಹನಗಳಿಗೆ ಮತ್ತೆ ಬಿಟ್ಟಾಗ, ಪರೀಕ್ಷೆಗೆಂದು ಶುಕ್ರವಾರ ಬೆಳಿಗ್ಗೆ 6ರಿಂದ ಶನಿವಾರ ಬೆಳಿಗ್ಗೆ 6ರವರೆಗೆ ಭಾರಿ ಗಾಡಿಗೆ ನಿಷೇಧ ಇಟ್ಟರು. ಆ ನಿಷೇಧ ಇನ್ನೂ ಇದ್ದರೆ ತುಮಕೂರು ರಸ್ತೆಯಿಂದ ಶುಕ್ರವಾರ ರಾತ್ರಿ ಬರುವವರು ಕೆಳಗಿನ ರಸ್ತೆ ಹಿಡಿಯಲು ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಬೇಕು.

ಇನ್ನೊಂದು ಮಾತು. ಬೆಳಿಗ್ಗೆ 6 ಎಂದರೆ 6ಕ್ಕೆ ರಸ್ತೆಯಲ್ಲಿ ಇರಬಾರದು ಎಂದರ್ಥ. 5:50ಕ್ಕೆ ಗೊರಗುಂಟೆಪಾಳ್ಯ ದಾಟಿದ್ದೇನೆ ಎಂಬುದು 6:20ಕ್ಕೆ ಜಾಲಹಳ್ಳಿ ಕ್ರಾಸಿನಲ್ಲಿ ನಿಂತ ಗಾಡಿಗೆ ಉತ್ತರವಾಗುವುದಿಲ್ಲ.

ಹಂತ 3: ಯಾವುದು ನಿಜವಾದ ಬೈಪಾಸ್ ಎಂದು ತಿಳಿದುಕೊಳ್ಳಿ

ಹೆಸರು ನೋಡಿ ಮೋಸ ಹೋಗುವ ರಸ್ತೆ ಹೊರ ವರ್ತುಲ ರಸ್ತೆ, ಎಲ್ಲರ ಬಾಯಲ್ಲಿ ರಿಂಗ್ ರೋಡ್. ಗೊರಗುಂಟೆಪಾಳ್ಯ, ಹೆಬ್ಬಾಳ, ಕೆ.ಆರ್.ಪುರ, ಸಿಲ್ಕ್ ಬೋರ್ಡ್, ಬನಶಂಕರಿ, ನಾಯಂಡಹಳ್ಳಿ ಎಂದು ಸುತ್ತುವ ಈ ರಸ್ತೆ ಒಂದು ಕಾಲಕ್ಕೆ ನಗರದ ಹೊರಗಿತ್ತು. ಈಗ ಅದು ನಗರದ ನಡುವಿನ ರಸ್ತೆ. ಮೊಬೈಲ್ ಮ್ಯಾಪು ಹಗಲಲ್ಲೂ ನಿಮ್ಮನ್ನು ಅದಕ್ಕೇ ತಿರುಗಿಸುತ್ತದೆ, ಏಕೆಂದರೆ ಅದು ತೋರಿಸುವುದು ಕಾರಿನ ದಾರಿ. ಲಾರಿಯ ಗಂಟೆಯೂ ಅದಕ್ಕೆ ಗೊತ್ತಿಲ್ಲ, ನಿಮ್ಮ ಎತ್ತರವೂ ಗೊತ್ತಿಲ್ಲ.

ತುಮಕೂರು ಕಡೆಯಿಂದ ಬರುವವರಿಗೆ ಉಪಯೋಗಕ್ಕೆ ಬರುವ ಬೈಪಾಸುಗಳು ಎರಡು.

ಒಂದು ನೈಸ್ ರಸ್ತೆ. ತುಮಕೂರು ರಸ್ತೆಯ ಮಾದಾವರದ ಹತ್ತಿರ ಹತ್ತಿದರೆ ಮಾಗಡಿ, ಮೈಸೂರು, ಕನಕಪುರ, ಬನ್ನೇರುಘಟ್ಟ ರಸ್ತೆಗಳನ್ನು ದಾಟಿ ಎಲೆಕ್ಟ್ರಾನಿಕ್ ಸಿಟಿ ಬಳಿ ಹೊಸೂರು ರಸ್ತೆಗೆ ಇಳಿಸುತ್ತದೆ. ಉದ್ದ ಸುಮಾರು 41 ಕಿ.ಮೀ. ಲೋಡ್ ಗಾಡಿಗೆ ಒಂದು ಗಂಟೆಯ ಮೇಲೆ ಹಿಡಿಯಿರಿ. ಇದು ಖಾಸಗಿ ಟೋಲ್ ರಸ್ತೆ, ಹೆದ್ದಾರಿ ಪ್ರಾಧಿಕಾರದ್ದಲ್ಲ. ಕೈಯಲ್ಲಿ ನಗದು ಇರಲಿ. ನೈಸ್ ಮೇಲೆ ಇರುವವರೆಗೆ ಮಾತ್ರ ನೀವು ನಗರದ ಹೊರಗೆ. ನಡುವೆ ಮೈಸೂರು ರಸ್ತೆಗೋ ಬನ್ನೇರುಘಟ್ಟ ರಸ್ತೆಗೋ ಇಳಿದು ನಗರದ ಕಡೆ ತಿರುಗಿದರೆ ನಿರ್ಬಂಧ ಅಲ್ಲಿಂದಲೇ ಶುರು.

ಇನ್ನೊಂದು ಉಪನಗರ ವರ್ತುಲ ರಸ್ತೆ, ರಾಷ್ಟ್ರೀಯ ಹೆದ್ದಾರಿ 948ಎ. ಇದರಲ್ಲಿ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆವರೆಗಿನ ಸುಮಾರು 80 ಕಿ.ಮೀ. ಓಡಾಟಕ್ಕೆ ತೆರೆದಿದೆ. ಹೊಸಕೋಟೆ, ಕೋಲಾರ, ನರಸಾಪುರ ಕಡೆಗೆ ಲೋಡ್ ಇದ್ದರೆ ನೆಲಮಂಗಲದವರೆಗೆ ಬರುವ ಕೆಲಸವೇ ಇಲ್ಲ, ದಾಬಸ್‌ಪೇಟೆಯಲ್ಲೇ ಎಡಕ್ಕೆ ತಿರುಗಿ. ದೂರ ಹೆಚ್ಚಾದಂತೆ ಕಂಡರೂ ರಾತ್ರಿಗಾಗಿ ಕಾಯುವ ಎಂಟು ಹತ್ತು ಗಂಟೆ ಉಳಿಯುತ್ತದೆ.

ನಮ್ಮ ಟ್ರಿಪ್ಪಿಗೆ ಬೊಮ್ಮಸಂದ್ರ ಇರುವುದು ಹೊಸೂರು ರಸ್ತೆಯಲ್ಲಿ, ಆದ್ದರಿಂದ ನೈಸ್. ಇಳಿದ ಮೇಲೆ ಅತ್ತಿಬೆಲೆ ಕಡೆಗೆ ತಿರುಗಬೇಕು, ಸಿಲ್ಕ್ ಬೋರ್ಡ್ ಕಡೆಗಲ್ಲ.

ಹಂತ 4: ಲೋಡ್ ಮಾಡುವಾಗಲೇ ದಾರಿ ನಿಶ್ಚಯಿಸಿ

ಎರಡು ಕಡೆ ಇಳಿಸುವ ಲೋಡಿನಲ್ಲಿ ಯಾವುದನ್ನು ಮೊದಲು ಇಳಿಸುತ್ತೀರೋ ಅದು ಹಿಂದಿನ ಡಾಲಾ ಬಳಿ ಇರಬೇಕು. ಬೊಮ್ಮಸಂದ್ರಕ್ಕೆ ಹಗಲಲ್ಲೇ ಹೋಗಬಹುದು, ಯಶವಂತಪುರಕ್ಕೆ ರಾತ್ರಿ ಮಾತ್ರ. ಆದ್ದರಿಂದ 240 ಚೀಲ ಮೊದಲು ಕ್ಯಾಬಿನ್ ಕಡೆಗೆ ಹೋಗಬೇಕು, 80 ಚೀಲ ಕೊನೆಗೆ. ಫ್ಯಾಕ್ಟರಿಯಲ್ಲಿ ಬಿಲ್ಲಿನ ಕ್ರಮದಲ್ಲಿ ತುಂಬಿಬಿಟ್ಟರೆ ಬೊಮ್ಮಸಂದ್ರದಲ್ಲಿ 240 ಚೀಲ ಕೆಳಗಿಳಿಸಿ ಮತ್ತೆ ಹತ್ತಿಸಬೇಕಾಗುತ್ತದೆ. ಎರಡು ಲಾಟಿನ ನಡುವೆ ಒಂದು ಹಳೇ ತಾಡಪಾಲಿನ ತುಂಡು ಅಡ್ಡ ಹಾಕಿಸಿ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಚೀಲ ಬದಲಾಗುವುದು ತಪ್ಪುತ್ತದೆ.

ಹಾಗೆಂದು ಇಡೀ ಲೋಡನ್ನು ಹಿಂದಕ್ಕೋ ಮುಂದಕ್ಕೋ ಜರುಗಿಸಬೇಡಿ. 80 ಚೀಲ ಇಳಿಸಿದ ಮೇಲೆ ಭಾರ ಮುಂದಕ್ಕೆ ಬೀಳುತ್ತದೆ, ಬೊಮ್ಮಸಂದ್ರದಲ್ಲಿ ಹಿಂದಿನ ಒಂದೆರಡು ಸಾಲು ಹರಡಿ ಹಗ್ಗ ಮತ್ತೆ ಬಿಗಿಯಬೇಕು. ತಾಡಪಾಲು ಹಾಕಿ ಹಗ್ಗ ಕಟ್ಟಿದ ಮೇಲೆ ನೆಲದಿಂದ ಎತ್ತರ ಅಳೆದು ಕ್ಯಾಬಿನ್ ಒಳಗೆ ಬರೆದಿಡಿ. ರೈಲ್ವೆ ಕೆಳಸೇತುವೆಯ ಎತ್ತರದ ಬೋರ್ಡು ಕಂಡಾಗ ಊಹೆ ಮಾಡುತ್ತಾ ನಿಲ್ಲುವುದು ಬೇಡ.

ಹಂತ 5: ಹೊರಗೆ ಬರುವ ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ಇದೇ ಮುಖ್ಯ ಹಂತ. ಒಂದು ಕಾಗದ ತೆಗೆದುಕೊಂಡು ಮೇಲಿನಿಂದ ಬರೆಯುತ್ತಾ ಬನ್ನಿ.

ನಿಷೇಧ ಶುರುವಾಗುವುದು ಬೆಳಿಗ್ಗೆ 6ಕ್ಕೆ. ಯಾರ್ಡಿನಿಂದ ಮಾದಾವರಕ್ಕೆ ಸುಮಾರು 14 ಕಿ.ಮೀ., ರಾತ್ರಿ 45 ನಿಮಿಷ ಇಟ್ಟುಕೊಳ್ಳಿ. ಮೇಲೆ ಒಂದು ಗಂಟೆ ಕೈಯಲ್ಲಿರಲಿ, ಪಂಕ್ಚರ್ ಆದರೂ ಹೊರಗೆ ಬರುವಂತೆ. ಅಂದರೆ 4:15ಕ್ಕೆ ಯಾರ್ಡ್ ಬಿಡಬೇಕು.

ನಾಲ್ಕು ಜನ ಹಮಾಲರು ಗಂಟೆಗೆ 100 ಚೀಲ ಇಳಿಸುತ್ತಾರೆ ಎಂದು ಹಿಡಿದರೆ 240 ಚೀಲಕ್ಕೆ ಎರಡು ಗಂಟೆ 24 ನಿಮಿಷ. ಎಣಿಕೆ, ರಸೀದಿ, ಸಹಿ, ಗೇಟಿಗೆ 45 ನಿಮಿಷ. ಹತ್ತಿರ ಹತ್ತಿರ ಮೂರು ಗಂಟೆ ಕಾಲು. ಹಾಗಾದರೆ ಮೊದಲ ಚೀಲ ರಾತ್ರಿ 1 ಗಂಟೆಗೆ ಇಳಿಯಬೇಕು, ಗಾಡಿ 12:30ಕ್ಕೆ ಮಂಡಿ ಮುಂದೆ ಇರಬೇಕು, 11:30ಕ್ಕಾದರೂ ಮಾದಾವರ ಬಿಡಲೇಬೇಕು. ಇದು ಕೊನೆಯ ಗಡುವು. ಬಾಗಿಲು ತೆರೆಯುವುದು 10ಕ್ಕೆ. ಸರಿಯಾಗಿ 10ಕ್ಕೆ ಹೊರಟರೆ ಕಾಯುತ್ತಿದ್ದ ಗಾಡಿಗಳೆಲ್ಲ ಒಟ್ಟಿಗೆ ನುಗ್ಗಿ ಗೊರಗುಂಟೆಪಾಳ್ಯದಲ್ಲಿ ನಿಲ್ಲುತ್ತವೆ. ತಡಮಾಡಿದರೆ ಯಾರ್ಡಿನಲ್ಲಿ ಜಾಗ ಸಿಗುವುದಿಲ್ಲ. ಹತ್ತೂಕಾಲರಿಂದ ಹತ್ತೂವರೆ ಒಳಗೆ ಹೊರಡುವುದು ಒಳ್ಳೆಯದು.

ಈಗ ಕೇಳಬೇಕಾದ ಪ್ರಶ್ನೆ: ಆ ರಾತ್ರಿ 1 ಗಂಟೆಗೆ ಹಮಾಲರು ಇರುತ್ತಾರೆಯೇ? ಬಹಳ ಮಂಡಿಗಳಲ್ಲಿ ಹಮಾಲಿ ಕೆಲಸ ಶುರುವಾಗುವುದು ಬೆಳಿಗ್ಗೆ. ಇದನ್ನು ಕೇಳದೆ ಹೋದವರೇ ರಾತ್ರಿ 11ಕ್ಕೆ ಯಾರ್ಡ್ ಸೇರಿ, ಬೆಳಿಗ್ಗೆ 8ರಿಂದ 11ರವರೆಗೆ ಅನ್‌ಲೋಡ್ ಮಾಡಿಸಿ, ಮತ್ತೆ ರಾತ್ರಿ 10ರವರೆಗೆ ಖಾಲಿ ಗಾಡಿಯಲ್ಲಿ ಕೂರುವುದು. ಬಾಡಿಗೆ ಒಪ್ಪುವ ಮೊದಲೇ ಮಂಡಿ ಸಾಹುಕಾರರ ಹತ್ತಿರ ಮಾತಾಡಿ. "ಅಣ್ಣಾ, ರಾತ್ರಿ ಒಂದಕ್ಕೆ ಹಮಾಲರನ್ನ ನಿಲ್ಲಿಸ್ತೀರಾ? ರಾತ್ರಿ ಹಮಾಲಿ ಹೆಚ್ಚಿಗೆ ಯಾರು ಕೊಡೋದು?" ಎರಡೂ ಪ್ರಶ್ನೆ ಒಟ್ಟಿಗೆ ಕೇಳಿ, ಬಂದ ಉತ್ತರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ರಾತ್ರಿ ಹಮಾಲರು ಸಿಗುವುದಿಲ್ಲ ಎಂದರೆ ದಾರಿ ಎರಡೇ. ಒಂದು ಹಗಲು ಒಳಗೆ ನಿಲ್ಲುವುದನ್ನು ಬಾಡಿಗೆಯಲ್ಲೇ ಹಾಲ್ಟಿಂಗ್ ಎಂದು ಸೇರಿಸುವುದು. ಇಲ್ಲವಾದರೆ ನೆಲಮಂಗಲದ ಆಸುಪಾಸಿನ ಗೋದಾಮಿನಲ್ಲಿ ಮಾಲನ್ನು ಚಿಕ್ಕ ಗಾಡಿಗೆ ಬದಲಾಯಿಸುವುದು. 12 ಟನ್ನಿಗೆ ಚಿಕ್ಕ ಗಾಡಿ ಹಲವು ಟ್ರಿಪ್ ಬೇಕು, ಹಮಾಲಿ ಎರಡು ಸಲ ಬೀಳುತ್ತದೆ, ಚೀಲ ಹರಿಯುತ್ತದೆ. ಸಕ್ಕರೆಯಂಥ ಮಾಲಿಗೆ ಇದು ಕಡಿಮೆ ಸಲ ಗಿಟ್ಟುತ್ತದೆ. ಒಂದೆರಡು ಟನ್ನಿನ ಬಿಡಿ ಲೋಡಾದರೆ ಮಾತು ಬೇರೆ. ಚಿಕ್ಕ ಗಾಡಿಗೂ ಬೆಳಿಗ್ಗೆ ಸಂಜೆ ದಟ್ಟಣೆಯ ಹೊತ್ತಿನಲ್ಲಿ ಕೆಲವು ರಸ್ತೆಗಳಲ್ಲಿ ತಡೆ ಇರಬಹುದು ಎಂಬುದನ್ನು ಮರೆಯಬೇಡಿ.

ಹಂತ 6: ಚಾಲಕನ ಗಂಟೆಗಳನ್ನು ಅದರೊಳಗೆ ಕೂರಿಸಿ

ದಾವಣಗೆರೆಯಿಂದ ಬೆಳಿಗ್ಗೆ 5:30ಕ್ಕೆ ಹೊರಟು ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸುವುದು ಕಾಗದದ ಮೇಲೆ ಸಾಧ್ಯ. ಲೆಕ್ಕ ಹಾಕಿದರೆ ಬೊಮ್ಮಸಂದ್ರ ಮುಟ್ಟುವಷ್ಟರಲ್ಲೇ ಏಳೂಮುಕ್ಕಾಲು ಗಂಟೆ ಸ್ಟಿಯರಿಂಗ್ ಹಿಡಿದಾಗಿರುತ್ತದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿದ್ದುದು ದಿನಕ್ಕೆ 8 ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ. ಮೇಲೆ ವಾಪಸ್ ನೈಸ್, ಆಮೇಲೆ ನಡುರಾತ್ರಿ ನಗರ. ಒಬ್ಬನೇ ಚಾಲಕ ಇದ್ದರೆ ಈ ಯೋಜನೆ ಬೇಡ.

ಬದಲಿಗೆ ಸೋಮವಾರ ಸಂಜೆ 6ಕ್ಕೆ ಲೋಡ್ ಮಾಡಿ ಹೊರಡಿ. ತುಮಕೂರಿಗೆ ಸುಮಾರು 190 ಕಿ.ಮೀ., ಗಂಟೆಗೆ ಸರಾಸರಿ 40ರಂತೆ ಐದು ಗಂಟೆ ಬೇಡ. ಊಟಕ್ಕೆ ಅರ್ಧ ಗಂಟೆ ನಿಂತರೂ ರಾತ್ರಿ 11:15ರ ಸುಮಾರಿಗೆ ತಲುಪಿ ಮಲಗಬಹುದು. ಮಂಗಳವಾರ ಬೆಳಿಗ್ಗೆ 8:30ಕ್ಕೆ ಬಿಟ್ಟರೆ 10ಕ್ಕೆ ಮಾದಾವರ, ನೈಸ್ ಮೇಲೆ ಹೋಗಿ 11:30ಕ್ಕೆ ಬೊಮ್ಮಸಂದ್ರ. ಗೇಟು, ತೂಕ, ಅನ್‌ಲೋಡ್ ಸೇರಿ 2 ಗಂಟೆಗೆ ಮುಗಿಯುತ್ತದೆ. ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳು ಬಿಡುವ ಮೊದಲೇ ನೈಸ್ ಹತ್ತಿ ನಾಲ್ಕರ ಹೊತ್ತಿಗೆ ನೆಲಮಂಗಲ ಕಡೆ ಬಂದುಬಿಡಬಹುದು. ಅಲ್ಲಿಂದ ಒಂಬತ್ತೂವರೆವರೆಗೆ ನಿದ್ದೆ. ಆ ಐದು ಗಂಟೆ ಫೋನ್ ನೋಡುತ್ತಾ ಕಳೆದರೆ ರಾತ್ರಿ ಮೂರಕ್ಕೆ ಕಣ್ಣು ಎಳೆಯುತ್ತದೆ. ಗಾಡಿ ಕಾಯುವ ಕೆಲಸ ಕ್ಲೀನರಿಗಿರಲಿ, ಚಾಲಕ ಮಲಗಲಿ.

ಕಾಯುವ ಜಾಗ ಹೆದ್ದಾರಿಯ ಅಂಚಾಗಬಾರದು, ನೈಸ್ ಅಂಚಂತೂ ಬೇಡವೇ ಬೇಡ. ಕತ್ತಲಲ್ಲಿ ನಿಂತ ಲಾರಿಯ ಹಿಂದಕ್ಕೆ ಬೇರೆ ಗಾಡಿ ಬಂದು ಹೊಡೆಯುವುದು ಅಲ್ಲೇ. ಪಾರ್ಕಿಂಗ್ ಇರುವ ಡಾಬಾ ಅಥವಾ ಪೆಟ್ರೋಲ್ ಬಂಕ್ ಒಳಗೆ, ಡೀಸೆಲ್ ಟ್ಯಾಂಕ್ ಬೆಳಕಿನ ಕಡೆಗೆ ಬರುವಂತೆ ನಿಲ್ಲಿಸಿ. ಯಶವಂತಪುರದಲ್ಲಿ ದೇವರಾಜ ಅರಸು ಟ್ರಕ್ ಟರ್ಮಿನಲ್ ಇದೆಯಲ್ಲ ಎನ್ನುವವರಿದ್ದಾರೆ. ಅದು ನಗರದೊಳಗಿದೆ, ರಾತ್ರಿ ಬಾಗಿಲು ತೆರೆಯುವವರೆಗೆ ಕಾಯಲು ಉಪಯೋಗವಿಲ್ಲ.

ಹಂತ 7: ಇ-ವೇ ಬಿಲ್ ಮುಗಿಯುವ ಗಂಟೆ ನೋಡಿ

ಕಾಯುವ ಗಾಡಿಗಳು ಸಿಕ್ಕಿಬೀಳುವ ಇನ್ನೊಂದು ಜಾಗ ಇದು. ಇ-ವೇ ಬಿಲ್ ಎಂದರೆ ಮಾಲು ಸಾಗಿಸಲು ಜಿಎಸ್‌ಟಿಯ ಇ-ವೇ ಬಿಲ್ ಪೋರ್ಟಲಿನಲ್ಲಿ ಮಾಡುವ ಪತ್ರ. ಪ್ರತಿ 200 ಕಿ.ಮೀ.ಗೆ, ಅಥವಾ ಅದರ ಭಾಗಕ್ಕೆ, ಒಂದು ದಿನದ ಅವಧಿ. ಮೊದಲ ದಿನ ಮುಗಿಯುವುದು ಬಿಲ್ ಮಾಡಿದ ಮರುದಿನದ ಮಧ್ಯರಾತ್ರಿಗೆ.

ನಮ್ಮದು ಸುಮಾರು 260 ಕಿ.ಮೀ., ಎರಡು ದಿನ. ಸೋಮವಾರ ಸಂಜೆ 4ಕ್ಕೆ ಮಾಡಿದರೆ ಮೊದಲ ದಿನ ಮಂಗಳವಾರ ಮಧ್ಯರಾತ್ರಿಗೆ, ಎರಡನೆಯದು ಬುಧವಾರ ಮಧ್ಯರಾತ್ರಿಗೆ ಮುಗಿಯುತ್ತದೆ. ಬುಧವಾರ ಬೆಳಗಿನ ಜಾವ ಇಳಿಸುವ ಯೋಜನೆಗೆ ಸಾಕು. ಆದರೆ ಆ ರಾತ್ರಿ ತಪ್ಪಿ ಬುಧವಾರ ರಾತ್ರಿ 10ಕ್ಕೆ ಒಳಗೆ ಹೋಗಬೇಕಾದರೆ ಎರಡೇ ಗಂಟೆಯಲ್ಲಿ ಬಿಲ್ ಸಾಯುತ್ತದೆ, ಗಾಡಿ ಆಗ ಗೊರಗುಂಟೆಪಾಳ್ಯದಲ್ಲಿರುತ್ತದೆ. ಹಿರಿಯೂರಿನಷ್ಟು ಹತ್ತಿರದಿಂದ ಬರುವವರಿಗೆ 200 ಕಿ.ಮೀ. ಒಳಗೇ ಆದ್ದರಿಂದ ಒಂದೇ ದಿನ ಸಿಗುತ್ತದೆ. ಸೋಮವಾರ ಮಾಡಿದ ಅವರ ಬಿಲ್ಲು ಮೊದಲ ರಾತ್ರಿಯೇ, ಮಂಗಳವಾರ ಮಧ್ಯರಾತ್ರಿಗೆ ಮುಗಿಯುತ್ತದೆ.

ಅವಧಿ ವಿಸ್ತರಿಸಲು ಮುಗಿಯುವುದಕ್ಕೆ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆವರೆಗೆ ಮಾತ್ರ ಅವಕಾಶ. ಬುಧವಾರ ಮಧ್ಯರಾತ್ರಿಯ ಬಿಲ್ಲಿಗೆ ಬುಧವಾರ ಸಂಜೆ 4ರಿಂದ ಗುರುವಾರ ಬೆಳಿಗ್ಗೆ 8ರವರೆಗೆ. ಮುಗಿದ ಮೇಲೆ ಮಾಡಿಸಿದರೆ ಆಯಿತು ಎಂದು ಬಿಡಬೇಡಿ, ನಡುವೆ ತಪಾಸಣೆಗೆ ಸಿಕ್ಕರೆ ಕೈಯಲ್ಲಿರುವುದು ಅವಧಿ ಮುಗಿದ ಬಿಲ್ಲು. ಸಂಜೆ 4ಕ್ಕೇ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಫೋನ್ ಮಾಡಿ, ಗಾಡಿ ನಿಂತ ಜಾಗದ ಪಿನ್‌ಕೋಡ್, ಉಳಿದ ದೂರ, ಕಾರಣ ಹೇಳಿ ಮಾಡಿಸಿ. ಇಬ್ಬರು ಖರೀದಿದಾರರಿಗೆ ಎರಡು ಬೇರೆ ಬಿಲ್ ಇರುತ್ತವೆ, ಎರಡರ ಗಂಟೆಯನ್ನೂ ನೋಡಬೇಕು.

ಚಿಕ್ಕ ಗಾಡಿಗೆ ಬದಲಾಯಿಸಿದರೆ ಬಿಲ್ಲಿನ ಪಾರ್ಟ್-ಬಿಯಲ್ಲಿ ಹೊಸ ಗಾಡಿಯ ನಂಬರ್ ಹಾಕಿಸಬೇಕು. ಟ್ರಾನ್ಸ್‌ಪೋರ್ಟರ ಸ್ವಂತ ಜಾಗದಿಂದ ಖರೀದಿದಾರರ ಜಾಗಕ್ಕೆ, ರಾಜ್ಯದೊಳಗೆ 50 ಕಿ.ಮೀ.ವರೆಗಿನ ಕೊನೆಯ ಸಾಗಾಟಕ್ಕೆ ಮಾತ್ರ ಇದರಿಂದ ವಿನಾಯಿತಿ ಇದೆ. ಡಾಬಾ ಮುಂದೆ ಮಾಲು ಬದಲಾಯಿಸಿದವರಿಗೆ ಆ ವಿನಾಯಿತಿ ಅನ್ವಯಿಸುವುದಿಲ್ಲ.

ಹಂತ 8: ಯಾರ್ಡಿನೊಳಗೆ 3 ಗಂಟೆಗೆ ಚೀಲ ಎಣಿಸಿ

ಅನ್‌ಲೋಡ್ ನಿಧಾನವಾಗುತ್ತಿದೆ ಎಂಬುದು 4:15ಕ್ಕೆ ತಿಳಿದರೆ ಏನೂ ಮಾಡಲಾಗದು. ಸರಿಯಾಗಿ 3 ಗಂಟೆಗೆ ಗಾಡಿ ಹತ್ತಿ ಉಳಿದ ಚೀಲ ಎಣಿಸಿ. ಒಂದಕ್ಕೆ ಶುರುವಾಗಿದ್ದರೆ 40ರ ಆಸುಪಾಸು ಉಳಿದಿರಬೇಕು. 100ಕ್ಕಿಂತ ಹೆಚ್ಚು ಉಳಿದಿದ್ದರೆ ಅದೇ ವೇಗದಲ್ಲಿ 4:15ಕ್ಕೆ ಮುಗಿಯುವುದಿಲ್ಲ. ಆಗಲೇ ಸಾಹುಕಾರರನ್ನು ಎಬ್ಬಿಸಿ ಇನ್ನಿಬ್ಬರು ಹಮಾಲರನ್ನು ಕರೆಸಲು ಹೇಳಿ. ಹಮಾಲರು ಕೆಲಸ ಮಾಡುತ್ತಿರುವಾಗಲೇ ಕಾಗದದ ಕೆಲಸ ಮುಗಿಸಿಕೊಳ್ಳಿ, ಕೊನೆಯ ಎಣಿಕೆ ಮತ್ತು ಸಹಿ ಮಾತ್ರ ಉಳಿಯಲಿ.

ಕೈಯಲ್ಲಿಟ್ಟುಕೊಂಡ ಒಂದು ಗಂಟೆಯಲ್ಲಿ ಅರ್ಧವನ್ನು ಬಳಸಬಹುದು, ಪೂರ್ತಿ ಅಲ್ಲ. 4:45 ದಾಟಿದ ಮೇಲೂ ಚೀಲ ಉಳಿದಿದ್ದರೆ ಹೊರಡುವ ಆತುರ ಬಿಟ್ಟು ಯಾರ್ಡಿನೊಳಗೇ ಗಾಡಿಯನ್ನು ಬದಿಗೆ ಹಾಕಿ. ಐದೂವರೆಗೆ ಓಡಿಸಿಕೊಂಡು ಹೊರಟು 6ರ ನಂತರ ಜಾಲಹಳ್ಳಿಯಲ್ಲಿ ನಿಲ್ಲುವುದಕ್ಕಿಂತ ಒಂದು ಹಗಲು ಒಳಗೆ ನಿಲ್ಲುವುದು ಲೇಸು. ಆದರೆ ಆ ಹಗಲಿನ ಹಾಲ್ಟಿಂಗ್ ನಿಮಗೆ ಸಿಗಬೇಕಾದರೆ ದಾಖಲೆ ಬೇಕು. ಮಾಲಿನ ಜೊತೆ ಬಂದ ಎಲ್‌ಆರ್ ಪ್ರತಿಯ ಹಿಂದೆ ಗಾಡಿ ಬಂದ ಗಂಟೆ, ಅನ್‌ಲೋಡ್ ಶುರುವಾದ ಗಂಟೆ, ಮುಗಿದ ಗಂಟೆ ಮೂರನ್ನೂ ಮಂಡಿಯವರ ಕೈಯಲ್ಲೇ ಬರೆಸಿ, ಸೀಲು ಸಹಿ ಹಾಕಿಸಿ, ಅಲ್ಲೇ ಫೋಟೋ ತೆಗೆದು ಮಾಲೀಕರಿಗೆ ಕಳಿಸಿ.